ಸರ್ಜನ್ ಹೇಳಿದ ಸಾಲು ಯಾವ ತಲೆಬರಹದಡಿ?

ಬೆಂಗಳೂರಿನಲ್ಲಿ ಕೂತು ಅಮೆರಿಕದ ಆಸ್ಪತ್ರೆಗಳ ಡಿಕ್ಟೇಷನ್ ಟೈಪ್ ಮಾಡೋದು ನನ್ನ ಕೆಲಸ. ಅದರಲ್ಲಿ ಹೆಚ್ಚು ತಲೆ ಓಡಿಸಬೇಕಾದ್ದು ಆಪರೇಷನ್ ವಿವರ ದಾಖಲಿಸುವ ಆಪರೇಟಿವ್ ರಿಪೋರ್ಟ್‌ಗೆ. ಆಪರೇಷನ್ ಯಾಕೆ ಅನ್ನೋದು ಇಂಡಿಕೇಷನ್, ಒಳಗೆ ಏನು ಕಂಡಿತು ಅನ್ನೋದು ಫೈಂಡಿಂಗ್ಸ್, ಏನೇನು ಮಾಡಿದರು ಅನ್ನೋದು ಪ್ರೊಸೀಜರ್, ಹೀಗೆ ತಲೆಬರಹಗಳಡಿ ಹಂಚಬೇಕು. ಆದರೆ ಥಿಯೇಟರ್‌ನಿಂದ ಹೊರಬಂದ ಸರ್ಜನ್ ನೆನಪಾದ ಹಾಗೆ ಹೇಳ್ತಾ ಹೋಗ್ತಾರೆ. ಅದಕ್ಕೇ ಮೊದಲ ಸಲ ಏನೂ ಟೈಪ್ ಮಾಡದೆ ಕೊನೆವರೆಗೆ ಕೇಳ್ತೀನಿ. "ಮೇಲೆ ಇಂಡಿಕೇಷನ್‌ಗೆ ಇದನ್ನೂ ಸೇರಿಸಿ" ಅನ್ನೋ ಮಾತು ಬರೋದೇ ಕೊನೆಯಲ್ಲಿ.

ಲ್ಯಾಪರೋಸ್ಕೋಪಿಯಲ್ಲಿ ಪಿತ್ತಕೋಶ ತೆಗೆದ ಒಂದು ರೆಕಾರ್ಡಿಂಗ್ ನೋಡಿ. ಊಟವಾದ ಮೇಲೆ ಬಲಗಡೆ ಹೊಟ್ಟೆನೋವು, ಅಲ್ಟ್ರಾಸೌಂಡ್‌ನಲ್ಲಿ ಕಲ್ಲು: ಇವು ಕೊಯ್ಯುವ ಮೊದಲೇ ಗೊತ್ತಿದ್ದವು, ಇಂಡಿಕೇಷನ್‌ಗೆ ಹೋದವು. ಪಿತ್ತಕೋಶದ ಗೋಡೆ ದಪ್ಪಗಿತ್ತು, ಹೊಟ್ಟೆಯೊಳಗಿನ ಕೊಬ್ಬಿನ ಪದರವಾದ ಒಮೆಂಟಮ್ ಅದಕ್ಕೆ ಅಂಟಿಕೊಂಡಿತ್ತು ಅಂತ ಡಾಕ್ಟರ್ "ಫೈಂಡಿಂಗ್ಸ್" ಎಂದು ಹೆಸರಿಟ್ಟೇ ಹೇಳಿದ್ದರು, ಅದು ಅಲ್ಲಿಗೇ. ಉಪಕರಣ ಒಳಗೆ ಬಿಡುವ ಕೊಳವೆ, ಅಂದರೆ ಪೋರ್ಟ್ ಹಾಕಿದ್ದು, ಅಂಟು ಬಿಡಿಸಿದ್ದು ಪ್ರೊಸೀಜರ್.

ಕಣ್ಣಿಗೆ ಕಂಡದ್ದೆಲ್ಲ ಫೈಂಡಿಂಗ್ಸ್ ಅಂದುಕೊಂಡರೆ ಮಾತ್ರ ಎಡವಟ್ಟು. ಪಿತ್ತಕೋಶದ ಕೆಳಭಾಗವನ್ನು ಯಕೃತ್ತಿನಿಂದ ಬಿಡಿಸಿ, ಪಿತ್ತಕೋಶದೊಳಗೆ ಹೋಗುವ ರಚನೆಗಳು ಎರಡೇ, ಅದರ ನಾಳವಾದ ಸಿಸ್ಟಿಕ್ ಡಕ್ಟ್ ಮತ್ತು ರಕ್ತನಾಳವಾದ ಸಿಸ್ಟಿಕ್ ಆರ್ಟರಿ, ಅಂತ ಖಚಿತಪಡಿಸಿಕೊಂಡ ಮೇಲೇ ಕ್ಲಿಪ್ ಹಾಕೋದು. ಇದಕ್ಕೆ ಕ್ರಿಟಿಕಲ್ ವ್ಯೂ ಅಂತಾರೆ. ಆ ಸಾಲನ್ನು ಕಿತ್ತು ಫೈಂಡಿಂಗ್ಸ್‌ಗೆ ಹಾಕಿದರೆ, ಪ್ರೊಸೀಜರ್ ಓದಿದವರಿಗೆ ಡಾಕ್ಟರ್ ನೋಡದೆಯೇ ಕ್ಲಿಪ್ ಹಾಕಿದ ಹಾಗೆ ಕಾಣುತ್ತೆ. ಪಿತ್ತನಾಳಕ್ಕೆ ಗಾಯವಾದ ಕೇಸಿನಲ್ಲಿ ವಕೀಲರು ಅದನ್ನೂ ಹುಡುಕಬಹುದು. ಹಾಗಾಗಿ ಕ್ಲಿಪ್‌ಗಿಂತ ಮುಂಚೆ, ಇದ್ದಲ್ಲೇ ಬಿಡ್ತೀನಿ.

ಹೊಲಿದು ಮುಚ್ಚುವ ಹಂತ, ಅಂದರೆ ಕ್ಲೋಶರ್, ಎಲ್ಲಿಂದ ಶುರು ಅಂತ ಕೆಲವರು ಹೇಳೋದೇ ಇಲ್ಲ. ಆಸ್ಪತ್ರೆಯ ಟೆಂಪ್ಲೇಟ್ ಬೇರೆ ತಲೆಬರಹ ಕೇಳಿದರೆ, ಪೋರ್ಟ್ ತೆಗೆದು ಗ್ಯಾಸ್ ಬಿಟ್ಟ ನಂತರದ್ದನ್ನು ಅದರಡಿ ತರ್ತೀನಿ. ಇಲ್ಲದಿದ್ದರೆ ಪ್ರೊಸೀಜರ್‌ನ ಕೊನೆಯ ಪ್ಯಾರಾ. ಇಲ್ಲಿ ಕಿವಿ ಚುರುಕಾಗಿರಬೇಕು. ಈ ಡಾಕ್ಟರ್ ಹೊಕ್ಕುಳ ಹತ್ತಿರದ ಫೇಶಿಯಾ ಅನ್ನೋ ಗಟ್ಟಿ ಪದರಕ್ಕೆ 0 ವಿಕ್ರಿಲ್ ದಾರ, ಚರ್ಮಕ್ಕೆ 4-0 ಮೊನೊಕ್ರಿಲ್ ದಾರ ಅಂದಿದ್ದರು. 4-0 ಅಂದರೆ ಸಣ್ಣ ದಾರ, 0 ದಪ್ಪದ್ದು. ಚರ್ಮದಡಿಯ ಹೊಲಿಗೆಗೆ 0 ಅಂತ ಕೇಳಿಸಿದರೆ ಅದಕ್ಕೆ ಮೊದಲಿನ "ಫೋರ್" ನುಂಗಿಹೋಗಿದೆಯಾ ಅಂತ ಪೆಡಲ್ ಒತ್ತಿ ಹಿಂದಕ್ಕೆ ಹೋಗಿ, ನಿಧಾನಗತಿಯಲ್ಲಿ ಕೇಳ್ತೀನಿ. ಆಗಲೂ ಕೇಳಿಸದಿದ್ದರೆ ಖಾಲಿ ಜಾಗ ಬಿಟ್ಟು, ರೆಕಾರ್ಡಿಂಗ್‌ನಲ್ಲಿ ಅದು ಬರುವ ಸಮಯ ನಮೂದಿಸೋದು. ಊಹೆ ಎಷ್ಟೇ ಸರಿ ಅನ್ನಿಸಿದರೂ ತುಂಬಲ್ಲ.

ಅದೇ ರೆಕಾರ್ಡಿಂಗ್‌ನಲ್ಲಿ ರಕ್ತನಷ್ಟ ಶುರುವಿನಲ್ಲಿ 15 ಮಿಲಿ, ಕೊನೆಯಲ್ಲಿ 50 ಮಿಲಿ. ಇಂಗ್ಲಿಷ್‌ನಲ್ಲಿ ಇವೆರಡೂ ಕಿವಿಗೆ ಒಂದೇ ಥರ, ಆದರೆ ಇಲ್ಲಿ ಎರಡೂ ಸ್ಪಷ್ಟವಾಗಿದ್ದವು. "ತಿದ್ದಿ" ಅಂತ ಡಾಕ್ಟರ್ ಎಲ್ಲೂ ಹೇಳಿರಲಿಲ್ಲ. ಹಾಗಾಗಿ ಆ ಜಾಗ ಖಾಲಿ ಬಿಟ್ಟು, ಎರಡೂ ಕಡೆಯ ಸಮಯ ಬರೆದು, ಫ್ಲ್ಯಾಗ್ ಹಾಕಿ, ಗುಣಮಟ್ಟ ಪರಿಶೀಲಿಸುವ ಕ್ಯೂಎಗೆ ಕಳಿಸಿದೆ. ಯಾವ ಅಂಕಿ ಅಂತ ತೀರ್ಮಾನಿಸೋದು ಸಹಿ ಹಾಕುವ ಸರ್ಜನ್ ಕೆಲಸ.