ಆರರಲ್ಲಿ ಮೂರು ಕಳೆದರೆ ಒಂಬತ್ತು: ಒಂದು ಬಿಟ್‌ನ ಎಎಲ್‌ಯು ಕಟ್ಟುವುದು ಹೇಗೆ?

ಹೋದ ಮಳೆಗಾಲದ ಒಂದು ಭಾನುವಾರ ಅಕ್ಕನ ಮಗ ಹಾಸನದ ನಮ್ಮ ಮನೆಗೆ ಸ್ವೀಟ್ ಬಾಕ್ಸ್ ಹಿಡಿದುಕೊಂಡು ಬಂದ. ಮೈಸೂರ್‌ಪಾಕ್ ಇರಬಹುದು ಅಂತ ಮುಚ್ಚಳ ತೆಗೆದರೆ ಒಳಗೆ ನಾಲ್ಕು ಬ್ರೆಡ್‌ಬೋರ್ಡ್, ತುಂಬಾ ವೈರು. ಡಿಪ್ಲೊಮಾ ಎರಡನೇ ವರ್ಷ, ಎಲೆಕ್ಟ್ರಾನಿಕ್ಸ್. ‘ಮಾವ, ಆರರಲ್ಲಿ ಮೂರು ಕಳೆದರೆ ಒಂಬತ್ತು ಬರ್ತಿದೆ. ಒಂದೊಂದು ಬೋರ್ಡನ್ನೂ ಬೇರೆ ಬೇರೆ ಟೆಸ್ಟ್ ಮಾಡಿದೀನಿ, ಎಲ್ಲಾ ಸರಿ ಇದೆ’ ಅಂದ.

ಅವನು ಹೇಳಿದ್ದು ಸುಳ್ಳಲ್ಲ. ಬಿಡಿಯಾಗಿ ನೋಡಿದರೆ ಎಲ್ಲವೂ ಸರಿಯೇ ಇತ್ತು, ಕೂಡಿಸಿದಾಗ ಮಾತ್ರ ತಪ್ಪುತ್ತಿತ್ತು. ಯಾಕೆ ಅಂತ ತಿಳಿಯಬೇಕಾದರೆ ಒಂದು ಬೋರ್ಡನ್ನು ಮೊದಲಿನಿಂದ ಕಟ್ಟಬೇಕು. ಕಟ್ಟೋಣ.

ಏನು ಬೇಕು

ಕಂಪ್ಯೂಟರ್‌ನಲ್ಲಿ ಲೆಕ್ಕ ಮಾಡುವ ಭಾಗಕ್ಕೆ ಎಎಲ್‌ಯು ಅನ್ನುತ್ತಾರೆ. ಅದರಲ್ಲಿ ಒಂದು ಬಿಟ್‌ನ ಪಾಲನ್ನು ಮಾತ್ರ ಮಾಡುವ ತುಂಡಿಗೆ ಸ್ಲೈಸ್. ನಮ್ಮ ಸ್ಲೈಸ್‌ಗೆ A, B ಅನ್ನುವ ಎರಡು ಬಿಟ್ ಬರುತ್ತವೆ, ಪಕ್ಕದ ಸ್ಲೈಸ್‌ನಿಂದ ಒಂದು ದಶಕ ಬರುತ್ತದೆ. ಶಾಲೆಯಲ್ಲಿ ‘ದಶಕ ಒಂದು’ ಅಂತಿದ್ದೆವಲ್ಲ, ಅದೇ ಇಲ್ಲಿ ಕ್ಯಾರಿ. ಒಳಗೆ ಬರುವುದು Cin, ಹೊರಗೆ ಹೋಗುವುದು Cout. ಯಾವ ಕೆಲಸ ಮಾಡಬೇಕು ಅಂತ ಹೇಳಲು S1, S0 ಅನ್ನುವ ಎರಡು ಸೆಲೆಕ್ಟ್ ಲೈನ್:

```
S1 S0   F
0  0    A AND B
0  1    A OR B
1  0    A + B
1  1    A - B
```

ನಾಲ್ಕು ಐಸಿ ಸಾಕು. 74HC86 ಎಕ್ಸಾರ್, 74HC08 ಆ್ಯಂಡ್, 74HC32 ಆರ್, 74HC153 ಮಲ್ಟಿಪ್ಲೆಕ್ಸರ್. ಊರಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರೋಡ್‌ನಿಂದ ತರಿಸಿಕೊಳ್ಳಬಹುದು. ಕೇಳುವಾಗ HC ಅಂತಲೇ ಕೇಳಿ. ಅದೇ ನಂಬರಿನ LS ಕೊಟ್ಟರೆ, ಸ್ವಿಚ್ ಆಫ್ ಇದ್ದಾಗ ಪಿನ್ನನ್ನು ಸೊನ್ನೆಗೆ ಎಳೆದಿಡಲು ಹಾಕುವ 10 ಕಿಲೋಓಮ್ ಪುಲ್‌ಡೌನ್ ರೆಸಿಸ್ಟರ್ ಕೆಲಸಕ್ಕೆ ಬರುವುದಿಲ್ಲ. LS ಪಿನ್ನಿನಿಂದ ಹೊರಗೆ ಹರಿಯುವ ಕರೆಂಟು ಆ ರೆಸಿಸ್ಟರ್ ಮೇಲೆ ವೋಲ್ಟೇಜನ್ನು ಏರಿಸಿಬಿಡುತ್ತದೆ. ಸೊನ್ನೆ ಕೊಟ್ಟೆ ಅಂತ ನೀವಂದುಕೊಂಡಿರುತ್ತೀರಿ, ಐಸಿ ಒಂದು ಅಂತ ಓದಿರುತ್ತದೆ.

ಕರೆಂಟಿಗೆ ಹಳೇ ಮೊಬೈಲ್ ಚಾರ್ಜರ್‌ನ 5 ವೋಲ್ಟ್ ಸಾಕು. ಪ್ರತಿ ಐಸಿಯ ಪಕ್ಕದಲ್ಲೂ 104 ಅಂತ ಬರೆದಿರುವ ಒಂದು ಕೆಪ್ಯಾಸಿಟರ್ ಹಾಕಿ.

ಕಳೆಯುವುದನ್ನು ಕೂಡುವುದರಲ್ಲೇ ಮುಗಿಸುವುದು

ಕಳೆಯುವುದಕ್ಕೆ ಅಂತ ಬೇರೆ ಸರ್ಕ್ಯೂಟ್ ಕಟ್ಟುವುದಿಲ್ಲ. ಕೂಡುವ ಸರ್ಕ್ಯೂಟಿಗೇ ಆ ಕೆಲಸ ಒಪ್ಪಿಸುತ್ತೇವೆ. ನಮ್ಮೂರಿನ ಆಲೂಗಡ್ಡೆ ಲೆಕ್ಕದಲ್ಲೇ ನೋಡೋಣ. ಮೂಟೆಯಲ್ಲಿ 60 ಕೆಜಿ ಇತ್ತು, 37 ಕೆಜಿ ಮಾರಿದಿರಿ. 37ರ ಪ್ರತಿ ಅಂಕಿಯನ್ನೂ 9ರಿಂದ ಕಳೆಯಿರಿ: 62. ಈಗ 60ಕ್ಕೆ 62 ಕೂಡಿಸಿ, ಮೇಲೊಂದು ಹಾಕಿ: 123. ಮುಂದಿನ 1 ಬಿಟ್ಟರೆ 23. ಅಷ್ಟೇ ಅಲ್ವಾ ಉಳಿಯಬೇಕಾದ್ದು?

ಬೈನರಿಯಲ್ಲಿ ಇದು ಇನ್ನೂ ಸುಲಭ. 9ರಿಂದ ಕಳೆಯುವ ಬದಲು ಬಿಟ್ಟನ್ನು ಸುಮ್ನೆ ತಿರುಗಿಸಿದರೆ ಆಯಿತು, 0 ಇದ್ದದ್ದು 1, 1 ಇದ್ದದ್ದು 0. ಹಾಗಾಗಿ ಎರಡು ಕೆಲಸ ಮಾಡಬೇಕು: B ತಿರುಗಿಸಬೇಕು, ಮೇಲೊಂದು 1 ಕೂಡಿಸಬೇಕು. ಈ ಎರಡನ್ನೂ ಮರೆಯಬೇಡಿ, ಕಥೆಯೆಲ್ಲ ಇಲ್ಲೇ ಇದೆ.

ತಿರುಗಿಸುವುದಕ್ಕೆ ಎಕ್ಸಾರ್ ಗೇಟ್. ಒಂದು ಪಿನ್ನಿಗೆ B, ಇನ್ನೊಂದಕ್ಕೆ S0 ಕೊಡಿ. S0 ಸೊನ್ನೆಯಾದರೆ B ಹಾಗೇ ಹೊರಬರುತ್ತದೆ, ಒಂದಾದರೆ ತಿರುಗಿ ಬರುತ್ತದೆ. ಪಟ್ಟಿಯಲ್ಲಿ ಕೂಡುವುದಕ್ಕೂ ಕಳೆಯುವುದಕ್ಕೂ S0 ಒಂದರಲ್ಲೇ ವ್ಯತ್ಯಾಸ ಇರುವುದು ಇದಕ್ಕೇ. ಮೇಲೆ ಕೂಡಿಸಬೇಕಾದ 1 ಕೂಡ S0 ಲೈನಿನಲ್ಲೇ ಇದೆ. ಮೊಟ್ಟಮೊದಲ ಸ್ಲೈಸ್‌ನ Cinಗೆ ಅದೇ ವೈರು ಎಳೆದರೆ ಸಾಕು. ಮೊದಲನೆಯದಕ್ಕೆ ಮಾತ್ರ. ಉಳಿದವುಗಳ Cinಗೆ ಹಿಂದಿನ ಸ್ಲೈಸ್‌ನ Cout.

ವೈರಿಂಗ್

ಇಡೀ ಸ್ಲೈಸ್ ಇಷ್ಟೇ. ಇದರಲ್ಲಿ X ಅಂದರೆ ತಿರುಗಿಸಿದ ಅಥವಾ ತಿರುಗಿಸದ B:

```
X    = B XOR S0
P    = A XOR X
G    = A AND X
SUM  = P XOR Cin
Cout = G OR (P AND Cin)
R    = A OR B
```

74HC86ರಲ್ಲಿ ಮೊದಲ ಗೇಟು X ಕೊಡಲಿ (1, 2 ಒಳಗೆ, 3 ಹೊರಗೆ), ಎರಡನೆಯದು P (4, 5 ಒಳಗೆ, 6 ಹೊರಗೆ), ಮೂರನೆಯದು SUM (9, 10 ಒಳಗೆ, 8 ಹೊರಗೆ). ಒಂದು ಗೇಟು ಉಳಿಯುತ್ತದೆ, ಇರಲಿ ಬಿಡಿ. 08 ಮತ್ತು 32ರಲ್ಲೂ ಪಿನ್ನುಗಳ ಜೋಡಣೆ ಇದೇ ಥರ, ಎರಡೆರಡು ಗೇಟು ಸಾಕು. ಬಳಸದ ಗೇಟುಗಳ ಇನ್‌ಪುಟ್ಟನ್ನು ಗ್ರೌಂಡಿಗೆ ಹಾಕಿ. HC ಐಸಿಯಲ್ಲಿ ಪಿನ್ ಖಾಲಿ ಬಿಟ್ಟರೆ ಬೆರಳು ಹತ್ತಿರ ತಂದರೂ ಎಲ್‌ಇಡಿ ಮಿನುಗುವುದುಂಟು.

ಆ್ಯಂಡ್ ಮಾಡಲು ಬೇರೆ ಗೇಟು ಬೇಡ. ಆ ಕೆಲಸದಲ್ಲಿ S0 ಸೊನ್ನೆ, ಹಾಗಾಗಿ X ಅಂದರೆ Bನೇ, G ಅಂದರೆ A AND B. ಇದೇ ಜಾಣತನವನ್ನು ಆರ್ ಗೇಟಿಗೂ ತೋರಿಸಲು ಹೋದರೆ ಕೆಟ್ಟಿರಿ. ಆರ್ ಕೆಲಸದಲ್ಲಿ S0 ಒಂದು, X ತಿರುಗಿ ಕೂತಿರುತ್ತದೆ. ಆರ್ ಗೇಟಿಗೆ ಸ್ವಿಚ್‌ನಿಂದ ನೇರ ಬಂದ B ಕೊಡಿ. ತಪ್ಪಿ X ಕೊಟ್ಟಿದ್ದರೆ ಗೊತ್ತಾಗುವುದು ಸುಲಭ: A, B ಎರಡೂ ಸೊನ್ನೆ ಇದ್ದರೂ ಎಲ್‌ಇಡಿ ಉರಿಯುತ್ತದೆ.

ಕೊನೆಗೆ 74HC153. ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸಿ ಹೊರಗೆ ಬಿಡುವುದು ಇದು. 6ನೇ ಪಿನ್ನಿಗೆ G, 5ಕ್ಕೆ R, 4 ಮತ್ತು 3 ಎರಡಕ್ಕೂ SUM. ಉತ್ತರ 7ರಲ್ಲಿ ಬರುತ್ತದೆ, ಅದೇ F. S1 ಹೋಗುವುದು 2ಕ್ಕೆ, S0 ಹೋಗುವುದು 14ಕ್ಕೆ. ಇವೆರಡು ಅದಲುಬದಲಾದರೆ ಆ್ಯಂಡ್ ಮತ್ತು ಕಳೆಯುವುದು ಸರಿಯಾಗೇ ಬರುತ್ತವೆ, ನಡುವಿನ ಎರಡು ಮಾತ್ರ ಕೆಡುತ್ತವೆ. 1ನೇ ಪಿನ್ನು ಗ್ರೌಂಡಿಗೆ ಹೋಗಲೇಬೇಕು. ಅದು ಮೇಲಿದ್ದರೆ ಏನು ಕೊಟ್ಟರೂ F ಸೊನ್ನೆ. ಈ ಐಸಿಗೆ 16 ಕಾಲು, ಹಾಗಾಗಿ ಸಪ್ಲೈ 16ಕ್ಕೆ, ಗ್ರೌಂಡ್ 8ಕ್ಕೆ. ಉಳಿದ ಮೂರಕ್ಕೆ 14 ಮತ್ತು 7.

F ಮತ್ತು Cout ಎರಡಕ್ಕೂ ಒಂದೊಂದು ಎಲ್‌ಇಡಿ, ಜೊತೆಗೆ 1 ಕಿಲೋಓಮ್.

ಹುಡುಗ ಎಡವಿದ್ದೆಲ್ಲಿ

ನಮ್ಮ ಹುಡುಗ ಹಾಕಿದ್ದು F ಎಲ್‌ಇಡಿ ಒಂದನ್ನೇ. Cout ಹೇಗೂ ಪಕ್ಕದ ಬೋರ್ಡಿಗೆ ಹೋಗುತ್ತದಲ್ಲ, ನೋಡುವುದೇನಿದೆ ಅಂದುಕೊಂಡಿದ್ದ. ಒಂಟಿ ಸ್ಲೈಸ್‌ನಲ್ಲಿ ಕೂಡಿ ನೋಡೋಣ: 0 ಮತ್ತು 0ಕ್ಕೆ F ಸೊನ್ನೆ, 0 ಮತ್ತು 1ಕ್ಕೆ ಒಂದು, 1 ಮತ್ತು 0ಕ್ಕೆ ಒಂದು, 1 ಮತ್ತು 1ಕ್ಕೆ ಸೊನ್ನೆ. ಈಗ ಕಳೆದು ನೋಡಿ. 0, 1, 1, 0. ಅದೇ ಉತ್ತರ! B ತಿರುಗಿಸಿದ್ದನ್ನು Cinನ 1 ಮತ್ತೆ ತಿರುಗಿಸಿಬಿಡುತ್ತದೆ. ಒಂದು ಬಿಟ್‌ನಲ್ಲಿ ಕೂಡುವುದಕ್ಕೂ ಕಳೆಯುವುದಕ್ಕೂ ಇರುವ ವ್ಯತ್ಯಾಸ Fನಲ್ಲಿ ಕಾಣುವುದೇ ಇಲ್ಲ. ಅದು ಕಾಣುವುದು Coutನಲ್ಲಿ.

ಅವನ ಬೋರ್ಡ್ ತಿರುಗಿಸಿ ನೋಡಿದೆ. S0 ಬರಬೇಕಿದ್ದ ಎಕ್ಸಾರ್‌ನ 2ನೇ ಪಿನ್ನಿನಿಂದ ಒಂದು ಕಪ್ಪು ವೈರು ಗ್ರೌಂಡಿಗೆ ಹೋಗಿತ್ತು. ‘ಇದೇನೋ?’ ಅಂದೆ. ಮೊದಲು ಕೂಡುವುದನ್ನು ನೋಡೋಣ ಅಂತ ಸದ್ಯಕ್ಕೆ ಗ್ರೌಂಡ್ ಮಾಡಿದ್ದನಂತೆ, Cin ಕೂಡ. ಆಮೇಲೆ ಮಲ್ಟಿಪ್ಲೆಕ್ಸರ್ ಹಾಕಿ, S0ಯನ್ನು ಅದಕ್ಕೆ ಮಾತ್ರ ಕೊಟ್ಟ. ನಾಲ್ಕೂ ಕೆಲಸ ‘ಸರಿ’ ಬಂತು. ಅದನ್ನೇ ನೋಡಿಕೊಂಡು ಉಳಿದ ಮೂರು ಬೋರ್ಡ್ ಕಟ್ಟಿದ. ಕಳೆಯಲು ಹೇಳಿದರೆ ಅವು ಸುಮ್ನೆ ಕೂಡುತ್ತಿದ್ದವು, ಆರು ಮೂರು ಒಂಬತ್ತು.

ಎರಡರಲ್ಲಿ ಒಂದನ್ನೇ ಮರೆತಿದ್ದರೆ ಅವತ್ತೇ ಸಿಕ್ಕಿಬೀಳುತ್ತಿತ್ತು, ಸೊನ್ನೆಯಲ್ಲಿ ಸೊನ್ನೆ ಕಳೆದರೆ ಒಂದು ಬರುತ್ತಿತ್ತು. ಎರಡನ್ನೂ ಮರೆತಿದ್ದರಿಂದ ತಪ್ಪು ತಪ್ಪನ್ನು ಮುಚ್ಚಿಹಾಕಿತು.

ಇದನ್ನು ಹಿಡಿಯಲು ಒಂದೇ ಪರೀಕ್ಷೆ ಸಾಕು. A, B ಎರಡೂ ಸೊನ್ನೆ, S1 S0 ಎರಡೂ ಒಂದು. F ಆರಿರಬೇಕು, Cout ಉರಿಯಲೇಬೇಕು. ಹಾಗೇ Bಯನ್ನು ಒಂದು ಮಾಡಿ: F ಉರಿದು Cout ಆರಬೇಕು. ಸೊನ್ನೆಯಲ್ಲಿ ಒಂದು ಹೋಗುವುದಿಲ್ಲ, ಸಾಲ ಬೇಕು. ಈ ಕೂಡಿ ಕಳೆಯುವ ಲೆಕ್ಕದಲ್ಲಿ ಸಾಲ ಬೇಕಾದಾಗ Cout ಸೊನ್ನೆ, ಬೇಡವಾದಾಗ ಒಂದು. ಉಲ್ಟಾ ಅನ್ನಿಸುತ್ತದೆ, ನನಗೂ ಈಗಲೂ ಒಮ್ಮೊಮ್ಮೆ ಗೊಂದಲವಾಗುತ್ತದೆ. ಆರ್ ಕೆಲಸದಲ್ಲೂ Cout ಉರಿಯಬಹುದು. ಅಲ್ಲಿ ಅದಕ್ಕೆ ಅರ್ಥವಿಲ್ಲ, ಲೆಕ್ಕಕ್ಕೆ ತಗೋಬೇಡಿ.

6 - 3, ಒಂದೊಂದೇ ಬಿಟ್

ಕಪ್ಪು ವೈರು ಕಿತ್ತು, ನಾಲ್ಕೂ ಬೋರ್ಡಿಗೆ S0 ಎಳೆದೆವು, ಮೊದಲ ಬೋರ್ಡಿನ Cinಗೂ ಎಳೆದೆವು. 6 ಅಂದರೆ 0110, 3 ಅಂದರೆ 0011. ಬಲಗಡೆಯಿಂದ:

```
bit  A  B  X  Cin  F  Cout
0    0  1  0  1    1  0
1    1  1  0  0    1  0
2    1  0  1  0    0  1
3    0  0  1  1    0  1
```

F ಸಾಲನ್ನು ಕೆಳಗಿನಿಂದ ಮೇಲಕ್ಕೆ ಓದಿ: 0011, ಮೂರು. ಕೊನೆಯ Cout ಒಂದು, ಸಾಲ ಬೇಕಾಗಿಲ್ಲ. ಉಲ್ಟಾ ಮಾಡಿ 3ರಲ್ಲಿ 6 ಕಳೆದೆವು. 1101 ಬಂತು, Cout ಆರಿತು. ಚಿಹ್ನೆ ಇರುವ ಲೆಕ್ಕದಲ್ಲಿ 1101 ಅಂದರೆ ಮೈನಸ್ 3.

ಅಷ್ಟರಲ್ಲಿ ಕರೆಂಟ್ ಹೋಯಿತು. ಪವರ್ ಬ್ಯಾಂಕ್ ಸಿಕ್ಕಿಸಿ ಮುಂದುವರಿಸಿದೆವು. ಹುಡುಗ ಕೂಡುವುದಕ್ಕೆ ಹಾಕಿ ‘ಆರು ಮೂರು ಒಂಬತ್ತು, 1001, ಇದೂ ಸರಿ’ ಅಂದ. ಮೈನಸ್ ಇಲ್ಲದ ಲೆಕ್ಕಕ್ಕೆ ಸರಿ. ಮೈನಸ್ ಇರುವ ಲೆಕ್ಕಕ್ಕೆ ಬಂದರೆ 1001 ಅಂದರೆ ಮೈನಸ್ 7. ನಾಲ್ಕು ಬಿಟ್‌ನಲ್ಲಿ ಆಗ +7ಕ್ಕಿಂತ ಜಾಸ್ತಿ ಹಿಡಿಸುವುದಿಲ್ಲ.

ಹೀಗೆ ಉತ್ತರ ಹಿಡಿಸದೆ ಹೋದಾಗ ಎಚ್ಚರಿಸಲು, ಮೊದಲೇ ಉಳಿಸಿದ್ದ ಎಕ್ಸಾರ್ ಗೇಟು ಇಲ್ಲಿ ಕೆಲಸಕ್ಕೆ ಬಂತು. ಕೊನೆಯ ಬೋರ್ಡಿನ 12, 13ನೇ ಪಿನ್ನುಗಳನ್ನು ಗ್ರೌಂಡಿನಿಂದ ಕಿತ್ತು, ಒಂದಕ್ಕೆ ಆ ಸ್ಲೈಸ್‌ನ Cin, ಇನ್ನೊಂದಕ್ಕೆ Cout ಕೊಟ್ಟೆವು. 11ಕ್ಕೆ ಕೆಂಪು ಎಲ್‌ಇಡಿ. 6 + 3ರಲ್ಲಿ ಕೊನೆಯ ಸ್ಲೈಸ್‌ಗೆ ಒಂದು ಒಳಗೆ ಬರುತ್ತದೆ, ಹೊರಗೆ ಹೋಗುವುದು ಸೊನ್ನೆ. ಎರಡೂ ಬೇರೆ ಬೇರೆ, ಹಾಗಾಗಿ ಕೆಂಪು ಉರಿಯಿತು. S0 ಸ್ವಿಚ್ಚನ್ನು ಒಂದಕ್ಕೆ ತಂದು 6 - 3 ಮಾಡಿದೆವು, ಆರಿತು.