ಲಾಭದ ಕೋಷ್ಟಕವನ್ನು ಅವಕಾಶ ವೆಚ್ಚಕ್ಕೆ ಪರಿವರ್ತಿಸುವುದು ಹೇಗೆ?

ಒಬ್ಬೊಬ್ಬರಿಗೆ ಒಂದೊಂದೇ ಕೆಲಸವನ್ನು ಹಂಚುವ ನಿಯೋಜನೆ ಸಮಸ್ಯೆಯ ಉತ್ತರ ಪತ್ರಿಕೆಗಳನ್ನು ತಿದ್ದುವಾಗ ಒಂದೇ ತಪ್ಪು ಮತ್ತೆ ಮತ್ತೆ ಎದುರಾಗುತ್ತದೆ. ಲಾಭವನ್ನು ಗರಿಷ್ಠಗೊಳಿಸಿ ಎಂದು ಪ್ರಶ್ನೆ ಕೇಳಿದ್ದರೂ ವಿದ್ಯಾರ್ಥಿಗಳು ಲಾಭದ ಅಂಕಿಗಳ ಮೇಲೆಯೇ ನೇರವಾಗಿ ಹಂಗೇರಿಯನ್ ವಿಧಾನವನ್ನು ಹೂಡುತ್ತಾರೆ. ಆ ವಿಧಾನ ಕನಿಷ್ಠ ಮೊತ್ತವನ್ನು ಹುಡುಕುವುದಕ್ಕೆಂದೇ ಇರುವುದರಿಂದ, ಲೆಕ್ಕದಲ್ಲಿ ಒಂದೂ ತಪ್ಪಿಲ್ಲದೆ ಅತ್ಯಂತ ಕಡಿಮೆ ಲಾಭದ ಹಂಚಿಕೆ ಕೈಗೆ ಬರುತ್ತದೆ.

ಚಿಕ್ಕಪೇಟೆಯ ಒಬ್ಬ ಸಗಟು ವ್ಯಾಪಾರಿಯ ಬಳಿ ನಾಲ್ವರು ಮಾರಾಟ ಪ್ರತಿನಿಧಿಗಳಿದ್ದಾರೆ ಎಂದುಕೊಳ್ಳೋಣ. ಯಾರನ್ನು ಯಾವ ಬಡಾವಣೆಗೆ ಕಳುಹಿಸಿದರೆ ತಿಂಗಳಿಗೆ ಎಷ್ಟು ಸಾವಿರ ರೂಪಾಯಿ ಲಾಭ ಬರುತ್ತದೆ ಎಂಬುದು ಹೀಗಿದೆ:

| | ಜಯನಗರ | ಮಲ್ಲೇಶ್ವರ | ಯಲಹಂಕ | ವೈಟ್‌ಫೀಲ್ಡ್ |
|---|---|---|---|---|
| ಕ | 38 | 30 | 33 | 34 |
| ಖ | 36 | 24 | 22 | 29 |
| ಗ | 29 | 32 | 25 | 26 |
| ಘ | 33 | 28 | 30 | 35 |

ದೊಡ್ಡ ಅಂಕಿಗಳನ್ನು ಒಂದೊಂದಾಗಿ ಆರಿಸುತ್ತ ಹೋದರೆ 38, 35, 32 ಸಿಗುತ್ತವೆ. ಆದರೆ ಕೊನೆಗೆ ಖ ಪ್ರತಿನಿಧಿಗೆ ಯಲಹಂಕವಷ್ಟೇ ಉಳಿದು, ಅಲ್ಲಿನ 22 ಸೇರಿ ಮೊತ್ತ 127ಕ್ಕೆ ನಿಲ್ಲುತ್ತದೆ. ಇದು ಗರಿಷ್ಠವಲ್ಲ.

ಮೊದಲ ಹಂತವೇ ಪರಿವರ್ತನೆ. ಇಡೀ ಕೋಷ್ಟಕದಲ್ಲಿ ಅತಿ ದೊಡ್ಡ ಅಂಕಿ 38. ಪ್ರತಿ ಮನೆಯಲ್ಲಿರುವ ಲಾಭವನ್ನು ಈ 38ರಿಂದ ಕಳೆದು, ಬಂದ ವ್ಯತ್ಯಾಸವನ್ನು ಅದೇ ಮನೆಯಲ್ಲಿ ಬರೆಯಬೇಕು. 38 ಇದ್ದ ಮನೆಗೂ ಇದೇ ನಿಯಮ. ಅಲ್ಲಿ ಸೊನ್ನೆ ಬರುತ್ತದೆ.

| | ಜಯನಗರ | ಮಲ್ಲೇಶ್ವರ | ಯಲಹಂಕ | ವೈಟ್‌ಫೀಲ್ಡ್ |
|---|---|---|---|---|
| ಕ | 0 | 8 | 5 | 4 |
| ಖ | 2 | 14 | 16 | 9 |
| ಗ | 9 | 6 | 13 | 12 |
| ಘ | 5 | 10 | 8 | 3 |

ಈಗಿರುವ ಅಂಕಿಗಳು ಲಾಭವಲ್ಲ, ಕೈತಪ್ಪುವ ಲಾಭ, ಅಂದರೆ ಅವಕಾಶ ವೆಚ್ಚ. ಯಾವುದೇ ಹಂಚಿಕೆಯಲ್ಲೂ ಪ್ರತಿ ಅಡ್ಡಸಾಲಿನಿಂದ ಒಂದರಂತೆ ನಾಲ್ಕು ಮನೆಗಳು ಆಯ್ಕೆಯಾಗುತ್ತವೆ. ಆದ್ದರಿಂದ ಅವಕಾಶ ವೆಚ್ಚದ ಮೊತ್ತವೆಂದರೆ ನಾಲ್ಕು ಸಲ 38, ಅಂದರೆ 152ರಿಂದ, ಆ ಹಂಚಿಕೆಯ ಲಾಭವನ್ನು ಕಳೆದ ಉಳಿಕೆ. 152 ಬದಲಾಗದ ಸಂಖ್ಯೆಯಾದ್ದರಿಂದ ಉಳಿಕೆ ಕನಿಷ್ಠವಾದಾಗಲೇ ಲಾಭ ಗರಿಷ್ಠವಾಗಬೇಕು. ಕೆಲವರು 1ನ್ನು ಲಾಭದಿಂದ ಭಾಗಿಸಿ ಪರಿವರ್ತಿಸುತ್ತಾರೆ. ಭಾಗಲಬ್ಧಗಳ ಮೊತ್ತಕ್ಕೂ ಲಾಭದ ಮೊತ್ತಕ್ಕೂ ಇಂಥ ನಂಟಿಲ್ಲದ ಕಾರಣ ಆ ದಾರಿಯನ್ನು ಹಿಡಿಯಲೇಬಾರದು.

ಕಂಪ್ಯೂಟರಿನ ಶೀಟಿನಲ್ಲಿ ಮಾಡುವವರು ಡಾಲರ್ ಗುರುತನ್ನು ಮರೆಯಬಾರದು. ಅದಿಲ್ಲದೆ ಸೂತ್ರವನ್ನು ಎಳೆದರೆ ವ್ಯಾಪ್ತಿಯೂ ಜೊತೆಗೇ ಜಾರಿ, ಪ್ರತಿ ಮನೆಯನ್ನು ಬೇರೆಬೇರೆ ಗರಿಷ್ಠದಿಂದ ಕಳೆದಂತಾಗುತ್ತದೆ.

```
=MAX($B$2:$E$5)-B2
```

ಇನ್ನು ಇಳಿಕೆ. ಪ್ರತಿ ಅಡ್ಡಸಾಲಿನ ಕನಿಷ್ಠವನ್ನು (0, 2, 6, 3) ಆಯಾ ಸಾಲಿನಿಂದ ಕಳೆದು, ಬಳಿಕ ಕಂಬಸಾಲುಗಳನ್ನು ನೋಡಿದರೆ ಯಲಹಂಕದಲ್ಲಿ ಮಾತ್ರ ಸೊನ್ನೆಯಿಲ್ಲ. ಅಲ್ಲಿಂದ 5ನ್ನು ಕಳೆದರೆ ಆಯಿತು. ಖ ಸಾಲಿನಲ್ಲಿ ಜಯನಗರದ ಕೆಳಗೆ, ಗ ಸಾಲಿನಲ್ಲಿ ಮಲ್ಲೇಶ್ವರದ ಕೆಳಗೆ ಒಂಟಿ ಸೊನ್ನೆಗಳಿವೆ. ಅವೆರಡನ್ನು ನಿಗದಿ ಮಾಡಿದರೆ ಕ ಪ್ರತಿನಿಧಿಗೆ ಯಲಹಂಕ, ಘ ಪ್ರತಿನಿಧಿಗೆ ವೈಟ್‌ಫೀಲ್ಡ್ ಉಳಿಯುತ್ತವೆ.

ಮೊತ್ತಕ್ಕಾಗಿ ಮೂಲ ಕೋಷ್ಟಕಕ್ಕೇ ಮರಳಬೇಕು: 33, 36, 32, 35 ಸೇರಿ 136. ಅವಕಾಶ ವೆಚ್ಚದ 5, 2, 6, 3 ಸೇರಿಸಿ 16 ಪಡೆದು, ಅದನ್ನೇ ಲಾಭವೆಂದು ಬರೆದ ಗೈಡುಗಳನ್ನೂ ನಾನು ನೋಡಿದ್ದೇನೆ, ಅಂಥವನ್ನು ಕೊಳ್ಳಬೇಡಿ. ಆದರೂ ಆ 16 ತಾಳೆ ನೋಡಲು ಬೇಕು: 152ರಿಂದ 16 ಕಳೆದರೆ 136 ಬರಲೇಬೇಕು. ಬಾರದಿದ್ದರೆ ಪರಿವರ್ತನೆಯಲ್ಲೋ ಕೂಡಿಕೆಯಲ್ಲೋ ತಪ್ಪಿದೆ. ಪರಿವರ್ತಿಸದೆಯೇ ಇಳಿಕೆ ಮಾಡಿದ್ದರೆ ಸಿಗುತ್ತಿದ್ದುದು 111, ಅಂದರೆ ಈ ಕೋಷ್ಟಕದ ಕನಿಷ್ಠ ಲಾಭ.

ಒಂದು ಅಡ್ಡದಾರಿಯಿದೆ. ಇಡೀ ಕೋಷ್ಟಕದ ಗರಿಷ್ಠದ ಬದಲು ಪ್ರತಿ ಅಡ್ಡಸಾಲನ್ನು ಅದರದೇ ಗರಿಷ್ಠದಿಂದ ಕಳೆದರೆ ಸಾಲಿನ ಇಳಿಕೆಯೂ ಒಟ್ಟಿಗೆ ಮುಗಿಯುತ್ತದೆ. ಚೌಕ ಕೋಷ್ಟಕದಲ್ಲಿ ಇದು ಸರಿ, ಆದರೂ ಕಲಿಯುವವರಿಗೆ ನಾನು ಇದನ್ನು ಹೇಳಿಕೊಡುವುದಿಲ್ಲ. ವೈಟ್‌ಫೀಲ್ಡ್ ಕೈಬಿಟ್ಟು ಮೂರೇ ಬಡಾವಣೆ ಉಳಿದವೆನ್ನಿ; ಆಗ ಕೋಷ್ಟಕವನ್ನು ಚೌಕ ಮಾಡಲು ಲೆಕ್ಕಕ್ಕಷ್ಟೇ ಇರುವ ಒಂದು ಡಮ್ಮಿ ಕಂಬಸಾಲು ಬೇಕು; ಅದು ಯಾರ ಪಾಲಿಗೆ ಬರುತ್ತದೋ ಅವರಿಗೆ ಕೆಲಸವಿಲ್ಲ. ಅಡ್ಡದಾರಿ ಹಿಡಿದು ಪರಿವರ್ತಿಸಿ, ಆಮೇಲೆ ಸೊನ್ನೆಗಳ ಡಮ್ಮಿ ಸೇರಿಸಿದರೆ ಘ ಪ್ರತಿನಿಧಿ ಯಲಹಂಕಕ್ಕೆ, ಗ ಮಲ್ಲೇಶ್ವರಕ್ಕೆ ಹೋಗುತ್ತಾರೆ. ಜಯನಗರಕ್ಕೆ ಕ ಅಥವಾ ಖ ಇಬ್ಬರಲ್ಲಿ ಯಾರಾದರೂ ಸರಿ ಎಂದು ಕೋಷ್ಟಕ ತೋರಿಸುತ್ತದೆ. ಲಾಭ 100 ಅಥವಾ 98. ಒಬ್ಬೊಬ್ಬರ ಸಾಲಿನಿಂದ ಬೇರೆಬೇರೆ ಮೊತ್ತ ಕಳೆದಿರುವಾಗ, ಕೆಲಸವಿಲ್ಲದೆ ಕೂರುವುದಕ್ಕೆ ಮಾತ್ರ ಎಲ್ಲರಿಗೂ ಒಂದೇ ಬೆಲೆ ಹಾಕಿದ್ದೇ ಇದಕ್ಕೆ ಕಾರಣ. ಲಾಭದ ಕೋಷ್ಟಕದಲ್ಲೇ ಸೊನ್ನೆಯ ಡಮ್ಮಿಯನ್ನು ಸೇರಿಸಿ ಚೌಕ ಮಾಡಿಕೊಂಡು, ಎಲ್ಲವನ್ನೂ 38ರಿಂದ ಕಳೆದರೆ ಘ ಪ್ರತಿನಿಧಿಯನ್ನು ಬಿಟ್ಟು ಉಳಿದ ಮೂವರು ನಾಲ್ಕು ಬಡಾವಣೆಗಳಿದ್ದಾಗಿನ ಜಾಗಗಳಿಗೇ ಹೋಗುತ್ತಾರೆ, ಲಾಭ 101 ಆಗುತ್ತದೆ.