ಕ್ಯಾಶ್‌ಲೆಸ್ ಇಲ್ಲ ಅಂದರಾ? ಆ ಕಾಗದ ಮೊದಲು ಕೈಗೆ ತಗೊಳ್ಳಿ

"ಅಣ್ಣಾ, ಕ್ಯಾಶ್‌ಲೆಸ್ ರಿಜೆಕ್ಟ್ ಆಗೇತಂತ. ಅಪ್ಪಗ ಬ್ಯಾರೆ ಕಡೆ ಕರ್ಕೊಂಡು ಹೋಗೂದೇನು?"

ಸವಣೂರಿನ ಸೋದರಮಾವನ ಮಗ ಫೋನ್ ಮಾಡಿದ್ದು ಬೆಳಿಗ್ಗೆ ಹನ್ನೊಂದರ ಸುಮಾರಿಗೆ. ಹಿಂದಿನ ರಾತ್ರಿ ಮಾವನಿಗೆ ಎದೆನೋವು ಬಂದು ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದ್ದರು. ಸ್ಟೆಂಟ್ ಹಾಕಬೇಕು ಅಂತ ಡಾಕ್ಟರು ಹೇಳಿಯಾಗಿತ್ತು. ಪಾಲಿಸಿ ಮಾಡಿಸಿ ಎರಡು ವರ್ಷ ದಾಟಿತ್ತು, ಒಂದು ಪ್ರೀಮಿಯಂ ಕೂಡ ತಪ್ಪಿಸಿರಲಿಲ್ಲ.

ಬೇರೆ ಕಡೆ ಒಯ್ಯುವುದು ಬೇಡ ಎಂದೆ. ಕ್ಯಾಶ್‌ಲೆಸ್ ಅಂದರೆ ಆಸ್ಪತ್ರೆಗೆ ವಿಮಾ ಕಂಪನಿಯೇ ನೇರವಾಗಿ ದುಡ್ಡು ಕೊಡುವ ಅನುಕೂಲ, ಅಷ್ಟೇ. ಅದು ಸಿಗಲಿಲ್ಲ ಅಂದಮಾತ್ರಕ್ಕೆ ಕ್ಲೇಮೇ ಹೋಯಿತು ಅಂತಲ್ಲ. ಎಲ್ಲ ಕಂಪನಿಗಳೂ ಮಾರುವ ಆರೋಗ್ಯ ಸಂಜೀವಿನಿ ಪಾಲಿಸಿಯ ನಿಯಮದಲ್ಲೇ ಇದು ಇದೆ: ಕ್ಯಾಶ್‌ಲೆಸ್ ನಿರಾಕರಿಸಿದರೆ ಡಾಕ್ಟರ್ ಹೇಳಿದ ಚಿಕಿತ್ಸೆ ಪಡೆದು, ಆಮೇಲೆ ಮರುಪಾವತಿಗೆ ಕಾಗದ ಕೊಡಬಹುದು. ಆದರೆ ಆ ಹಕ್ಕು ಉಳಿಯುವುದೋ ಕೆಡುವುದೋ ಗೊತ್ತಾಗುವುದು ಅಡ್ಮಿಟ್ ಆದ ಮೊದಲ ದಿನ ಮಾಡುವ ಕೆಲಸದಲ್ಲಿ. ಬಹಳ ಜನ ಕೆಡಿಸಿಕೊಳ್ಳುವುದೂ ಅಲ್ಲೇ.

(ಇಲ್ಲಿ ಹೇಳುತ್ತಿರುವುದು ದುಡ್ಡು ಕಟ್ಟಿ ಮಾಡಿಸಿದ ಆರೋಗ್ಯ ವಿಮೆಯ ಬಗ್ಗೆ ಮಾತ್ರ. ಸರ್ಕಾರಿ ಆರೋಗ್ಯ ಕಾರ್ಡಿನ ದಾರಿ ಬೇರೆ.)

ಒಂದು: ಬಾಯಿಮಾತು ನಂಬಬೇಡಿ

ಇನ್ಶೂರೆನ್ಸ್ ಡೆಸ್ಕಿನವರು "ಆಗಲ್ರೀ" ಅಂದರೆ ಸಾಲದು. ಕಂಪನಿಯಿಂದಲೋ, ಕಂಪನಿ ಪರವಾಗಿ ಕ್ಲೇಮಿನ ಕಾಗದ ನೋಡುವ ಸಂಸ್ಥೆಯಾದ ಟಿಪಿಎ ಕಡೆಯಿಂದಲೋ ಬಂದ ಪತ್ರದ ಪ್ರತಿ ಕೇಳಿ, ಮೊಬೈಲಿನಲ್ಲಿ ಫೋಟೋ ಹೊಡೆದುಕೊಳ್ಳಿ. ಎಷ್ಟೋ ಸಲ ಅದು ನಿರಾಕರಣೆಯೇ ಆಗಿರುವುದಿಲ್ಲ. ಹಳೆಯ ರಿಪೋರ್ಟ್ ಕೊಡಿ ಎಂಬ ಪ್ರಶ್ನೆ ಬಂದಿರುತ್ತದೆ, ಡೆಸ್ಕಿನವರು ಉತ್ತರ ಕಳಿಸದೆ ಸುಮ್ನೆ ಕೂತಿರುತ್ತಾರೆ. ಕೋರಿಕೆ ಕಳಿಸಿದ ಸಮಯವನ್ನೂ ಕೇಳಿ ಬರೆದಿಟ್ಟುಕೊಳ್ಳಿ. ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ಮೇ ಸುತ್ತೋಲೆಯ ಪ್ರಕಾರ ಕೋರಿಕೆ ತಲುಪಿದ ಒಂದು ಗಂಟೆಯೊಳಗೆ ಕಂಪನಿ ತೀರ್ಮಾನ ಹೇಳಬೇಕು. ಗಡಿಯಾರ ಶುರುವಾಗುವುದು ಕೋರಿಕೆ ತಲುಪಿದ ಮೇಲೆ, ರೋಗಿ ಹಾಸಿಗೆ ಮೇಲೆ ಮಲಗಿದಾಗ ಅಲ್ಲ. ಮಾವ ಸೇರಿದ್ದು ರಾತ್ರಿ, ಫಾರ್ಮ್ ಹೋಗಿದ್ದು ಬೆಳಿಗ್ಗೆ ಒಂಬತ್ತೂವರೆಗೆ.

ಎರಡು: ಕಾರಣದ ಬೇರು ಹುಡುಕಿ

ಇದೇ ಕಷ್ಟದ ಘಟ್ಟ. ನಿಧಾನವಾಗಿ ಓದಿ.

ಮಾವನ ಪತ್ರದಲ್ಲಿದ್ದ ಕಾರಣ ಇಷ್ಟು: ಐದು ವರ್ಷದಿಂದ ಬಿಪಿ ಇದೆ, ಪಾಲಿಸಿ ಮಾಡಿಸುವಾಗ ಹೇಳಿಲ್ಲ. ಮಾವನಿಗೆ ಬಿಪಿ ಗೊತ್ತಾಗಿದ್ದೇ ಐದು ತಿಂಗಳ ಹಿಂದೆ, ಸವಣೂರಿನ ಡಾಕ್ಟರ ಹತ್ತಿರ. ಹಾಗಾದರೆ ಐದು ವರ್ಷ ಎಲ್ಲಿಂದ ಬಂತು?

ರಾತ್ರಿ ಕ್ಯಾಶುವಾಲ್ಟಿಯಲ್ಲಿ ಬರೆದ ಹಾಳೆ ತೋರಿಸಿ ಎಂದು ಕೇಳಿದೆವು. ಅದರಲ್ಲಿ ಡ್ಯೂಟಿ ಡಾಕ್ಟರು ಬಿಪಿ ಎದುರಿಗೆ 5/12 ಅಂತ ಬರೆದಿದ್ದರು. ಡಾಕ್ಟರುಗಳ ಲೆಕ್ಕದಲ್ಲಿ 5/12 ಅಂದರೆ ಐದು ತಿಂಗಳು, 5/52 ಅಂದರೆ ಐದು ವಾರ, 5/7 ಅಂದರೆ ಐದು ದಿನ. ಬೆಳಿಗ್ಗೆ ಕ್ಯಾಶ್‌ಲೆಸ್ ಫಾರ್ಮ್ ತುಂಬಿದ ಹುಡುಗ ಐದನ್ನು ಮಾತ್ರ ನೋಡಿ ಮುಂದೆ ವರ್ಷ ಅಂತ ಸೇರಿಸಿಬಿಟ್ಟಿದ್ದ. ಕಂಪನಿ ನೋಡಿದ್ದು ಆ ಫಾರ್ಮನ್ನು.

ಎಲ್ಲರದ್ದೂ ಇದೇ ತಪ್ಪು ಇರುತ್ತದೆ ಅಂತಲ್ಲ. ಕೆಲವು ಕಡೆ ಗಾಬರಿಯಲ್ಲಿ ಮನೆಯವರೇ "ಭಾಳ ವರ್ಷದಿಂದ ಶುಗರ್ ಐತ್ರಿ" ಅಂದುಬಿಟ್ಟಿರುತ್ತಾರೆ. ಹಾಗಾಗಿ ಪತ್ರದ ಕಾರಣ, ಕ್ಯಾಶ್‌ಲೆಸ್ ಫಾರ್ಮ್, ಮೊದಲ ರಾತ್ರಿಯ ಹಾಳೆ, ಈ ಮೂರನ್ನೂ ಪಕ್ಕದಲ್ಲಿಟ್ಟು ನೋಡಿ. ಎಲ್ಲಿ ಒಂದಕ್ಕೊಂದು ಕೂಡುವುದಿಲ್ಲವೋ ಅಲ್ಲೇ ನಿಮ್ಮ ಉತ್ತರ ಇರುತ್ತದೆ.

ತಪ್ಪು ಸಿಕ್ಕಿತು ಅಂತ ಕೇಸ್ ಶೀಟ್ ತಿದ್ದಿಸಲು ಹೋಗಬೇಡಿ. "ಒಂದು ಹಾಳೆ ಬದಲು ಮಾಡಿಸಿಕೊಡ್ತೀನಿ" ಎನ್ನುವವರು ಆಸ್ಪತ್ರೆ ಬಾಗಿಲಲ್ಲೇ ಸಿಗುತ್ತಾರೆ, ದೂರ ಇಡಿ. ತಿದ್ದಿದ ಹಾಳೆ ಸಿಕ್ಕಿಬಿದ್ದರೆ ಅದು ವಂಚನೆಯಾಗುತ್ತದೆ. ಆಮೇಲೆ ನಿಜವಾದ ಕ್ಲೇಮನ್ನೂ ಯಾರೂ ಉಳಿಸಲಾರರು. ಹಳೆಯ ಬರಹ ಹಾಗೇ ಇರಲಿ. ಚಿಕಿತ್ಸೆ ಕೊಡುವ ಡಾಕ್ಟರ ಹತ್ತಿರ ಪ್ರತ್ಯೇಕವಾಗಿ ಒಂದು ಸ್ಪಷ್ಟೀಕರಣ ಪತ್ರ ಬರೆಸಿಕೊಳ್ಳಿ. ಅದು ಆಸ್ಪತ್ರೆಯ ಲೆಟರ್‌ಹೆಡ್ಡಿನಲ್ಲಿ ಇರಬೇಕು, ಡಾಕ್ಟರ ಸಹಿ, ಸೀಲು, ನೋಂದಣಿ ಸಂಖ್ಯೆ, ತಾರೀಕು, ಸಮಯ ಎಲ್ಲ ಬೇಕು. ನಾಲ್ಕು ಸಾಲು ಸಾಕು: ಹಾಳೆಯಲ್ಲಿರುವುದು ಐದು ತಿಂಗಳು, ಫಾರ್ಮಿನಲ್ಲಿ ತಪ್ಪಾಗಿ ವರ್ಷ ಎಂದಾಗಿದೆ, ಈಗ ಚಿಕಿತ್ಸೆ ತುರ್ತು.

ಜೊತೆಗೆ ಬಿಪಿ ಮೊದಲ ಸಲ ಗೊತ್ತಾದ ದಿನದ ಚೀಟಿ ಬೇಕು. ಮಾವನ ಚೀಟಿ ಮನೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿತ್ತು. ಅತ್ತೆ ಫೋಟೋ ತೆಗೆದು ವಾಟ್ಸಾಪ್ ಮಾಡಿದರು.

ಒಂದು ವೇಳೆ ಕಾಯಿಲೆ ನಿಜವಾಗಿಯೂ ಹಳೆಯದು, ಪಾಲಿಸಿ ಮಾಡಿಸುವಾಗಲೂ ಹೇಳಿಲ್ಲ ಅಂತಿದ್ದರೆ ಡಾಕ್ಟರ ಪತ್ರದಿಂದ ಏನೂ ಆಗುವುದಿಲ್ಲ. ಆಗ ನೋಡಬೇಕಾದ್ದು ಪಾಲಿಸಿ ಬಿಡದೆ ಎಷ್ಟು ತಿಂಗಳು ನಡೆದಿದೆ ಎಂಬುದನ್ನು. 60 ತಿಂಗಳು ತುಂಬಿದ್ದರೆ, ಮೋಸ ಸಾಬೀತಾಗದ ಹೊರತು, ಹಿಂದೆ ಹೇಳಲಿಲ್ಲ ಎಂಬ ನೆಪದಲ್ಲಿ ಕ್ಲೇಮ್ ತಳ್ಳುವಂತಿಲ್ಲ.

ಮೂರು: ಎರಡು ಕಡೆ ಒಟ್ಟಿಗೆ ಕಳಿಸಿ

ಡಾಕ್ಟರ ಪತ್ರ, ಹಳೆಯ ಚೀಟಿ, ಕ್ಯಾಶುವಾಲ್ಟಿ ಹಾಳೆ ಮೂರನ್ನೂ ಡೆಸ್ಕಿನ ಮೂಲಕ ಮರುಪರಿಶೀಲನೆಗೆ ಹಾಕಿಸಿ. ಅವರು ಕಳಿಸಿದ್ದನ್ನು ಪರದೆಯಲ್ಲಿ ಕಣ್ಣಾರೆ ನೋಡಿ. ಅದೇ ಹೊತ್ತಿಗೆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ನೀವೇ ಮೇಲ್ ಮಾಡಿ. ವಿಳಾಸ ಪಾಲಿಸಿ ಕಾಗದದಲ್ಲೇ ಇರುತ್ತದೆ. ಬರೀ ಟಿಪಿಎಗೆ ಬರೆದರೆ ಪ್ರಯೋಜನ ಕಡಿಮೆ, ಕ್ಲೇಮ್ ತಿರಸ್ಕರಿಸುವ ಅಧಿಕಾರ ಇರುವುದು ಕಂಪನಿಗೆ ಮಾತ್ರ.

ಮೇಲ್‌ನಲ್ಲಿ ಕಥೆ ಬೇಡ. ನಾವು ಬರೆದದ್ದು ಹೀಗಿತ್ತು:

"ತುರ್ತು. ರೋಗಿ ಐಸಿಯುನಲ್ಲಿದ್ದಾರೆ. ಪಾಲಿಸಿ ಸಂಖ್ಯೆ, ಕ್ಯಾಶ್‌ಲೆಸ್ ಕೋರಿಕೆ ಸಂಖ್ಯೆ ಇಂತಿಂಥದ್ದು. ಬಿಪಿ ಅವಧಿ ಐದು ತಿಂಗಳು. ಫಾರ್ಮಿನಲ್ಲಿ ತಪ್ಪಾಗಿ ಐದು ವರ್ಷ ಎಂದಾಗಿದೆ. ಡಾಕ್ಟರ ಪತ್ರ ಲಗತ್ತಿಸಿದೆ. ಒಂದು ಗಂಟೆಯಲ್ಲಿ ಮರುಪರಿಶೀಲಿಸಿ. ಒಪ್ಪದಿದ್ದರೆ ಪಾಲಿಸಿಯ ಯಾವ ಷರತ್ತಿನ ಪ್ರಕಾರ ಎಂದು ಬರೆದು ತಿಳಿಸಿ. ಚಿಕಿತ್ಸೆ ಮುಂದೂಡಲು ಆಗುವುದಿಲ್ಲ, ಆದ್ದರಿಂದ ನಾವೇ ಹಣ ಕಟ್ಟುತ್ತಿದ್ದೇವೆ. ಈ ಮೇಲ್ ಅನ್ನು ಮರುಪಾವತಿ ಕ್ಲೇಮಿನ ಮುನ್ಸೂಚನೆ ಎಂದೂ ಪರಿಗಣಿಸಿ."

ಕೊನೆಯ ಎರಡು ವಾಕ್ಯ ಬಿಟ್ಟು ಉಳಿದದ್ದನ್ನೆಲ್ಲ ಜನ ಬರೆಯುತ್ತಾರೆ. ಬೇಕಾದ್ದೇ ಆ ಎರಡು. ತುರ್ತು ದಾಖಲಾತಿಯಾದರೆ 24 ಗಂಟೆಯೊಳಗೆ ಕಂಪನಿಗೆ ತಿಳಿಸಬೇಕು ಎಂದು ಸಾಮಾನ್ಯವಾಗಿ ಪಾಲಿಸಿಯಲ್ಲಿ ಇರುತ್ತದೆ. ಕ್ಯಾಶ್‌ಲೆಸ್ ಕೋರಿಕೆ ಕಳಿಸಿದ್ದೇ ಸಾಕು ಅಂದುಕೊಂಡು ಕೂತರೆ, ಆ ಫೈಲ್ ಮುಚ್ಚಿದ ಮೇಲೆ "ನೀವು ತಿಳಿಸಿಯೇ ಇಲ್ಲ" ಎಂಬ ಮಾತು ಬರಬಹುದು. ಸಹಾಯವಾಣಿಗೂ ಫೋನ್ ಮಾಡಿ ಮರುಪಾವತಿಗೆ ಬೇರೆ ಸೂಚನಾ ಸಂಖ್ಯೆ ಪಡೆಯಿರಿ.

ಸಂಜೆಯಾದರೂ ಉತ್ತರ ಇಲ್ಲ ಅಂದರೆ ವಿಮಾ ನಿಯಂತ್ರಣ ಪ್ರಾಧಿಕಾರದ ತಾಣ bimabharosa.irdai.gov.in ನಲ್ಲಿ ದೂರು ಹಾಕಿ, ಇಲ್ಲವೇ 155255ಕ್ಕೆ ಫೋನ್ ಮಾಡಿ. ಒಂದು ಮಾತು ನೆನಪಿರಲಿ. ಅದು ದೂರನ್ನು ಕಂಪನಿಗೆ ದಾಟಿಸುತ್ತದೆ, ಪರಿಹಾರಕ್ಕೆ ಕಂಪನಿಗೆ 14 ದಿನ ಇದೆ. ಅದನ್ನು ನಂಬಿ ಸ್ಟೆಂಟ್ ನಿಲ್ಲಿಸುವಂತಿಲ್ಲ. ನಮಗೆ ಬೇಕಾದ್ದು ತಾರೀಕಿರುವ ಆ ದೂರಿನ ಸಂಖ್ಯೆ.

ನಾಲ್ಕು: ಸಹಿ ಮತ್ತು ದುಡ್ಡು

ಅಂದು ಮಧ್ಯಾಹ್ನ ಎರಡಕ್ಕೆ ಮಾವನನ್ನು ಒಳಗೆ ಕರೆದುಕೊಂಡು ಹೋದರು. ಅದಕ್ಕೂ ಮುಂಚೆ ಡೆಸ್ಕಿನವರು ಒಂದು ಕಾಗದ ಚಾಚಿದರು. "ಕ್ಯಾಶ್‌ಲೆಸ್ ಕೋರಿಕೆಯನ್ನು ನಾನಾಗಿಯೇ ಹಿಂಪಡೆದಿದ್ದೇನೆ" ಎಂದಿತ್ತು. ಇದಕ್ಕೆ ಹಾಗೇ ಸಹಿ ಹಾಕಬೇಡಿ. ಆ ಸಾಲು ಹೊಡೆದು, "ಕಂಪನಿ ನಿರಾಕರಿಸಿದ್ದರಿಂದ ಹಣ ಕಟ್ಟುತ್ತಿದ್ದೇನೆ, ಮರುಪಾವತಿ ಹಕ್ಕು ಬಿಟ್ಟುಕೊಟ್ಟಿಲ್ಲ" ಎಂದು ಬರೆದು ಸಹಿ ಹಾಕಿ, ಪ್ರತಿ ಇಟ್ಟುಕೊಳ್ಳಿ.

ದುಡ್ಡನ್ನು ಕಾರ್ಡ್, ಯುಪಿಐ ಅಥವಾ ಬ್ಯಾಂಕ್ ಮೂಲಕವೇ ಕಟ್ಟಿ. ನಗದು ಕೊಟ್ಟು ಆಮೇಲೆ ಪುರಾವೆ ಹುಡುಕುವುದು ತಲೆನೋವು. ಹೇಗೂ ನಾವೇ ಕಟ್ಟುತ್ತೇವಲ್ಲ ಅಂತ ದೊಡ್ಡ ರೂಮಿಗೆ ಹೋಗಬೇಡಿ. ಪಾಲಿಸಿಯಲ್ಲಿ ರೂಮ್ ಬಾಡಿಗೆಗೆ ಮಿತಿ ಇದ್ದು ನೀವು ದಾಟಿದರೆ, ಬಾಡಿಗೆಯ ಜೊತೆ ಬಿಲ್ಲಿನ ಬೇರೆ ಬಾಬತ್ತುಗಳನ್ನೂ ಅದೇ ಪ್ರಮಾಣದಲ್ಲಿ ಕತ್ತರಿಸುವ ಷರತ್ತು ಇರಬಹುದು.

ಐದು: ಡಿಸ್ಚಾರ್ಜ್ ದಿನದ ಚೀಲ

ಬಾಬತ್ತುವಾರು ಫೈನಲ್ ಬಿಲ್, ಡಿಸ್ಚಾರ್ಜ್ ಸಮ್ಮರಿ, ರಿಪೋರ್ಟ್‌ಗಳು, ಔಷಧ ಬಿಲ್ಲು ಮತ್ತು ಅದರ ಚೀಟಿ, ಆಸ್ಪತ್ರೆ ತುಂಬಿದ ಕ್ಲೇಮ್ ಫಾರ್ಮಿನ ಬಿ ಭಾಗ. ಇವನ್ನು ಎಲ್ಲರೂ ತರುತ್ತಾರೆ. ಬಿಟ್ಟು ಬರುವುದು ಎರಡು. ಒಂದು, ಸ್ಟೆಂಟಿನ ಡಬ್ಬಿಯ ಮೇಲಿರುವ ಸ್ಟಿಕ್ಕರ್ ಮತ್ತು ಅದರ ಇನ್‌ವಾಯ್ಸ್. ಎರಡು, ಫೈನಲ್ ರಸೀದಿ. ಅಡ್ವಾನ್ಸ್ ಕಟ್ಟಿದ ಚೀಟಿ ರಸೀದಿಯಲ್ಲ, ಅಡ್ವಾನ್ಸ್ ಕಳೆದು ಬಾಕಿ ಸೊನ್ನೆ ಎಂದು ತೋರಿಸುವುದು ಬೇಕು. ಡಿಸ್ಚಾರ್ಜ್ ಸಮ್ಮರಿಯಲ್ಲಿ ಬಿಪಿ ಎಷ್ಟು ದಿನದಿಂದ ಅಂತ ಬರೆದಿದ್ದಾರೆ ನೋಡಿ. ಮಾವನದ್ದರಲ್ಲಿ ಅಲ್ಲೂ ಐದು ವರ್ಷ ಅಂತಲೇ ಬಂದಿತ್ತು! ಫಾರ್ಮಿನಿಂದಲೇ ಎತ್ತಿ ಹಾಕಿದ್ದರು. ಸಹಿಯಾಗುವ ಮುಂಚೆ ಡಾಕ್ಟರಿಗೆ ತೋರಿಸಿ ಅವರಿಂದಲೇ ಸರಿ ಮಾಡಿಸಿದೆವು.

ಮೆಡಿಕಲ್ ಶಾಪಿನ ನುಣುಪು ಕಾಗದದ ಬಿಲ್ಲುಗಳು ಬೇಗ ಮಾಸುತ್ತವೆ. ಅವತ್ತೇ ಝೆರಾಕ್ಸ್ ಮಾಡಿಸಿ.

ಕ್ಲೇಮ್ ಕಾಗದ ಕೊಡಲು ಸಾಮಾನ್ಯವಾಗಿ ಡಿಸ್ಚಾರ್ಜ್ ಆದ ದಿನದಿಂದ 30 ದಿನ ಇರುತ್ತದೆ. ಕೆಲವು ಪಾಲಿಸಿಯಲ್ಲಿ 15 ದಿನ, ನಿಮ್ಮದನ್ನು ತೆಗೆದು ನೋಡಿ. ಕಾಗದ ಮುಟ್ಟಿದ ಮೇಲೆ ಕಂಪನಿ 15 ದಿನದಲ್ಲಿ ತೀರ್ಮಾನ ಮಾಡಬೇಕು. ಮೂಲ ಪ್ರತಿ ಕೊಡುವ ಮುಂಚೆ ಪೂರ್ತಿ ಸೆಟ್ ಸ್ಕ್ಯಾನ್ ಮಾಡಿ. ಕಾಗದಗಳ ಮೇಲೆ ಇಡುವ ಪತ್ರದಲ್ಲಿ ನಿರಾಕರಣೆ ಪತ್ರ, ಮೇಲ್ ಮತ್ತು ದೂರಿನ ಸಂಖ್ಯೆ ಮೂರನ್ನೂ ಬರೆಯಿರಿ.

ಮಾವನ ಬಿಲ್ ₹1,92,000 ಆಗಿತ್ತು. ₹1,84,300 ಬಂತು. ಉಳಿದದ್ದು ಗ್ಲೌಸು, ಫೈಲಿನ ಶುಲ್ಕ ಅಂಥವು, ಅವನ್ನು ಪಾಲಿಸಿಯೇ ಒಪ್ಪುವುದಿಲ್ಲ.

ಮರುಪಾವತಿಯನ್ನೂ ತಳ್ಳಿದರೆ ಕಂಪನಿಗೆ ಲಿಖಿತ ದೂರು ಕೊಡಿ. ಒಂದು ತಿಂಗಳು ಕಾದರೂ ಉತ್ತರ ಇಲ್ಲದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ಇಂಥ ದೂರುಗಳನ್ನು ವಿಚಾರಿಸುವ ವಿಮಾ ಒಂಬುಡ್ಸ್‌ಮನ್ ಹತ್ತಿರ ಹೋಗಬಹುದು. ಕರ್ನಾಟಕಕ್ಕೆ ಅವರ ಕಚೇರಿ ಬೆಂಗಳೂರಿನಲ್ಲಿದೆ, ಆದರೆ ದೂರನ್ನು cioins.co.in ನಲ್ಲಿ ಮನೆಯಿಂದಲೇ ಹಾಕಬಹುದು. ಅವರು ಕೊಡಿಸಬಹುದಾದ ಪರಿಹಾರದ ಮಿತಿ ₹50 ಲಕ್ಷ. ಶುಲ್ಕ ಇಲ್ಲ, ವಕೀಲರಿಗೂ ಅಲ್ಲಿ ಜಾಗ ಇಲ್ಲ. ಆದ್ದರಿಂದ ಕ್ಲೇಮ್ ಬಿಡಿಸಿಕೊಡುತ್ತೇವೆ, ಇಷ್ಟು ಪರ್ಸೆಂಟ್ ಕೊಡಿ ಎಂದು ಫೋನ್ ಮಾಡುವವರಿಗೆ ಪಾಲಿಸಿ ಸಂಖ್ಯೆಯನ್ನೂ ಹೇಳಬೇಡಿ.